ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದೆ, ಓಡಿಹೋದ ಲಾರಿಯ ನಂಬರೂ ಅರ್ಧ ಗೊತ್ತು. ಮುಂದೇನು?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು): ವಕೀಲರೇ, ನಾಲ್ಕು ದಿನದ ಹಿಂದೆ ಸಂಜೆ ಮಂಡಗದ್ದೆ ಹತ್ತಿರ ಲಾರಿಯೊಂದು ಬೈಕಿಗೆ ಗುದ್ದಿ ನಿಲ್ಲಿಸದೆ ಹೋಯಿತು. ಹುಡುಗನ ಕಾಲು ಮುರಿದಿತ್ತು, ನಮ್ಮ ಜೀಪಲ್ಲೇ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಹೆಸರು ಕೊಡದೆ ಬಂದೆ. ಲಾರಿಯ ಕೊನೆಯ ನಾಲ್ಕು ಅಂಕಿ ನೆನಪಿದೆ, ಮುಂದಿನದು ಕೆಎ 14ಓ 16ಓ ಖಾತ್ರಿ ಇಲ್ಲ. ಲಾರಿ ಸಿಕ್ಕಿಲ್ಲವಂತೆ. ಈಗ ಹೇಳಿದರೆ ಸ್ಟೇಷನ್, ಕೋರ್ಟು ಅಂತ ಅಲೆಯಬೇಕಾಗುತ್ತದಾ?

ವಕೀಲರು, ಶಿವಮೊಗ್ಗ: ಹೆಸರು ಕೊಡದೆ ಬಂದದ್ದರಲ್ಲಿ ತಪ್ಪಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಬಂತು, 2020ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ನಿಯಮಗಳೂ ಬಂದವು. ನೆರವಾದವರ ಹೆಸರು, ವಿಳಾಸ ಕೊಡಿ ಎಂದು ಪೊಲೀಸರೂ ಸೇರಿ ಯಾರೂ ಬಲವಂತ ಮಾಡುವಂತಿಲ್ಲ. ನೀವು ಎತ್ತಿ ಮಲಗಿಸುವಾಗ ಕಾಲಿಗೆ ಇನ್ನಷ್ಟು ಪೆಟ್ಟಾಗಿದ್ದರೂ, ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ಮಾಡಿದ್ದಕ್ಕೆ ನಿಮ್ಮ ಮೇಲೆ ಸಿವಿಲ್ ದಾವೆಯಾಗಲಿ ಕ್ರಿಮಿನಲ್ ಕೇಸಾಗಲಿ ನಡೆಯುವುದಿಲ್ಲ.

ಸಾಗಿಸುವುದು ಬೇರೆ, ಸಾಕ್ಷಿಯಾಗುವುದು ಬೇರೆ. ಎರಡನೆಯದು ನಿಮ್ಮ ಇಷ್ಟ. ಒಪ್ಪಿದರೆ ನೀವು ಹೇಳಿದ ಜಾಗಕ್ಕೆ, ನಿಮಗೆ ಅನುಕೂಲವಾದ ಹೊತ್ತಿಗೆ, ಮಫ್ತಿಯಲ್ಲೇ ಬಂದು ಹೇಳಿಕೆ ಪಡೆಯಬೇಕು, ಅದೂ ಒಂದೇ ಸಲ. ಸ್ಟೇಷನ್ನಿಗೇ ಬನ್ನಿ ಎಂದರೆ ಕಾರಣವನ್ನು ಬರೆದಿಡಬೇಕು. ಅಫಿಡವಿಟ್ ಕೊಟ್ಟರೆ ಅದನ್ನೇ ಪೂರ್ಣ ಹೇಳಿಕೆಯಾಗಿ ಸ್ವೀಕರಿಸಬಹುದು.

ಆದರೆ ಆ ನಾಲ್ಕು ಅಂಕಿಯ ಬೆಲೆ ತಿಳಿದುಕೊಳ್ಳಿ. ವಾಹನ ಪತ್ತೆಯಾಗದಿದ್ದರೆ ಹುಡುಗನಿಗೆ ಸಿಗುವುದು ಹಿಟ್ ಅಂಡ್ ರನ್ ಪರಿಹಾರ ಮಾತ್ರ. 2022ರ ಏಪ್ರಿಲ್‌ನಿಂದ ಅದು ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಮೂಳೆ ಮುರಿದಿರುವುದರಿಂದ ಇವನಿಗೆ 50 ಸಾವಿರ. ರಾಡ್ ಹಾಕಿಸಿಕೊಂಡು ನಾಲ್ಕಾರು ತಿಂಗಳು ಕೂತರೆ ಅದು ಎಲ್ಲಿಗೂ ಸಾಲದು. ಲಾರಿ ಸಿಕ್ಕಿದರೆ ಅದರ ವಿಮಾ ಕಂಪನಿಯ ಮೇಲೆ ಟ್ರಿಬ್ಯುನಲ್‌ನಲ್ಲಿ ಅರ್ಜಿ ಹಾಕಬಹುದು. ಅಲ್ಲಿ ಆಸ್ಪತ್ರೆ ಬಿಲ್ಲು, ದುಡಿಮೆ ನಷ್ಟ, ಕಾಲಿನಲ್ಲಿ ಉಳಿಯುವ ಊನ ಎಲ್ಲಕ್ಕೂ ಲೆಕ್ಕ ಉಂಟು.

ಹೊಸನಗರದ ಟ್ಯಾಕ್ಸಿ ಚಾಲಕರು: ಸರ್, ಹೊಸ ಕಾನೂನಲ್ಲಿ ಗುದ್ದಿ ಓಡಿದರೆ 10 ವರ್ಷ ಜೈಲು. ನೋಡಿಯೂ ತಿಳಿಸದಿದ್ದವರ ಮೇಲೂ ಕೇಸು ಹಾಕ್ತಾರೆ ಅಂತ ನಮ್ಮ ಸ್ಟ್ಯಾಂಡಲ್ಲಿ ಮಾತು. ಹಾಗಾದರೆ ಇವರು ಹೇಳಲೇಬೇಕಲ್ವ?

ವಕೀಲರು: ಅರ್ಧ ಸರಿ ಅಣ್ಣ. ಭಾರತೀಯ ನ್ಯಾಯ ಸಂಹಿತೆಯ 106(2)ರಲ್ಲಿ 10 ವರ್ಷ ಅಂತ ಬರೆದಿದೆ. ಆದರೆ ಅದು ಸಾವಾದ ಪ್ರಕರಣಕ್ಕೆ. 2024ರ ಜುಲೈ 1ರಂದು ಸಂಹಿತೆ ಜಾರಿಯಾದಾಗ ಅದೊಂದು ಉಪಕಲಂ ಬಿಟ್ಟೇ ಜಾರಿ ಮಾಡಿದರು, ಲಾರಿ ಚಾಲಕರ ಮುಷ್ಕರ ನಿಮಗೂ ನೆನಪಿರಬಹುದು. ಇನ್ನು ಅಪಘಾತ ತಿಳಿಸುವ ಕರ್ತವ್ಯ ಇರುವುದು ವಾಹನ ಓಡಿಸಿದವನಿಗೆ. ದಾರಿಹೋಕ ತಿಳಿಸದಿದ್ದರೆ ಅದು ಅಪರಾಧವಲ್ಲ.

ಸಾಗರದ ಸದಸ್ಯೆ: ನಂದೂ ಇದೇ ಥರ ಸರ್. ನನ್ನ ಸ್ಕೂಟಿ ಕನ್ನಡಿ ತಾಗಿ ಸೈಕಲ್‌ನವರು ಬಿದ್ದರು. ನಾನೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಬ್ಯಾಂಡೇಜ್ ಹಾಕಿಸಿ ಮನೆಗೆ ಬಿಟ್ಟೆ. ನಾನೂ ಹೆಸರು ಹೇಳಬೇಕಿಲ್ಲ ತಾನೆ?

ವಕೀಲರು: ಅಲ್ಲ ಮೇಡಂ, ಇದು ಬೇರೆ. ನಿಮ್ಮ ವಾಹನ ತಾಗಿದ್ದರಿಂದ ನಿಮಗೆ 134ಎ ರಕ್ಷಣೆ ಬರುವುದಿಲ್ಲ, 134ರ ಕರ್ತವ್ಯ ಬರುತ್ತದೆ. ಚಿಕಿತ್ಸೆ ಕೊಡಿಸಿದ್ದು ಅದರ ಮೊದಲ ಭಾಗ. ಸ್ಥಳದಲ್ಲಿ ಪೊಲೀಸರು ಇರಲಿಲ್ಲವಾದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೂ ಬರೆಯಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 5 ಸಾವಿರ ದಂಡ. ಗುಂಪು ಹೊಡೆಯಲು ಬಂದರೆ ಅಲ್ಲಿಂದ ಹೊರಟುಹೋಗಬಹುದು, ಠಾಣೆಗೆ ಹೇಳುವುದನ್ನು ಬಿಡುವಂತಿಲ್ಲ. ಗಡುವು ಮೀರಿದ್ದರೂ ಹೋಗಿ ಬರೆದುಕೊಡಿ.

ತುರ್ತು ವಿಭಾಗದ ನರ್ಸ್: ಬೆಳೆಗಾರರಿಗೆ ಒಂದು ಕೇಳಬೇಕಿತ್ತು. ಅವತ್ತು ಆಸ್ಪತ್ರೆಯಲ್ಲಿ ಏನಾಯಿತು ಅಂತ ಹೇಳಿದಿರಿ? ಕರೆತಂದವರು ಏನೂ ಹೇಳದೆ ಹೋದರೆ, ಹುಡುಗನಿಗೆ ಪ್ರಜ್ಞೆ ಇಲ್ಲದಿದ್ದರೆ, ಕೇಸ್ ಶೀಟಲ್ಲಿ 'ಬೈಕಿನಿಂದ ಬಿದ್ದು ಗಾಯ' ಅಂತ ಬಂದುಬಿಡುತ್ತದೆ. ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆಯುವ ಎಂಎಲ್‌ಸಿ ಪುಸ್ತಕದಲ್ಲೂ ಅದೇ. ಹೆಸರು ಬೇಡ, 'ಲಾರಿ ಗುದ್ದಿತು, ಇಂಥ ಜಾಗ, ಇಷ್ಟು ಹೊತ್ತು' ಅಷ್ಟು ಹೇಳಿ ಸಾಕು. ಕರೆತಂದವರು ಎಂಬಲ್ಲಿ ನಾವು 'ಸಾರ್ವಜನಿಕರು' ಅಂತ ಬರೆಯುತ್ತೇವೆ.

ಬೆಳೆಗಾರರು: ಹುಡುಗನಿಗೆ ಎಚ್ಚರ ಇತ್ತು, ಅವನೇ ಲಾರಿ ಅಂದ. ಆದರೆ ಕೌಂಟರಲ್ಲಿ ದಾಖಲಾತಿ ದುಡ್ಡು ನನ್ನ ಹತ್ತಿರ ಕೇಳಿದರು, ಕೊಟ್ಟೆ.

ವಕೀಲರು: ಕೇಳಬಾರದಿತ್ತು. ಸಂಬಂಧಿ ಅಲ್ಲದವರನ್ನು ದಾಖಲಾತಿ ಶುಲ್ಕಕ್ಕಾಗಿ ತಡೆದು ನಿಲ್ಲಿಸುವಂತಿಲ್ಲ ಎಂಬ ಮಾರ್ಗಸೂಚಿಯನ್ನು 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ.

ನರ್ಸಮ್ಮ ಹೇಳಿದ್ದು ಈ ಕೇಸಿನ ಜೀವಾಳ. ವಿಮಾ ಕಂಪನಿಯವರು ಮೊದಲು ತೆರೆಯುವುದೇ ಎಂಎಲ್‌ಸಿ ನಮೂದು. ಅಲ್ಲಿ 'ತಾನೇ ಬಿದ್ದ' ಎಂದಿದ್ದು, ತಿಂಗಳಾದ ಮೇಲೆ ಲಾರಿ ನಂಬರ್ ಬಂದರೆ, ಪರಿಹಾರಕ್ಕಾಗಿ ಯಾವುದೋ ಲಾರಿಯನ್ನು ತಂದು ಸೇರಿಸಿದ್ದಾರೆ ಎಂದು ವಾದಿಸುತ್ತಾರೆ. ಸುಳ್ಳು ಕೇಸುಗಳು ಇರುವುದರಿಂದ ಆ ವಾದಕ್ಕೆ ಬೆಲೆಯೂ ಇದೆ. ಹಾಗಾಗಿ ತಡ ಮಾಡಿದಷ್ಟೂ ನಿಮ್ಮ ಮಾತಿನ ತೂಕ ಇಳಿಯುತ್ತದೆ.

ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ: ನಾಲ್ಕು ಅಂಕಿ, ಕ್ಯಾಬಿನ್ ಬಣ್ಣ, ಹೊರೆ ಏನಿತ್ತು, ತೀರ್ಥಹಳ್ಳಿ ಕಡೆ ಹೋಯಿತೋ ಶಿವಮೊಗ್ಗ ಕಡೆಯೋ, ಎಷ್ಟು ಗಂಟೆ. ಕೆಎ 14 ಎಂದು ಊಹಿಸಿ ತುಂಬಬೇಡಿ. 14 ಅಥವಾ 16 ಎಂದೇ ಬರೆಯಿರಿ, ಎರಡೂ ಸರಣಿಯಲ್ಲಿ ಆ ಅಂಕಿಯ ಲಾರಿಗಳನ್ನು ಪೊಲೀಸರು ಹುಡುಕಬಲ್ಲರು. ತೀರ್ಥಹಳ್ಳಿ ಕಡೆ ಹೋಗಿದ್ದರೆ, ಭಾರಿ ವಾಹನಕ್ಕೆ ಆಗುಂಬೆ ಘಾಟಿಯಲ್ಲಿ ನಿರ್ಬಂಧ ಇರುವುದರಿಂದ ದಾರಿಗಳೂ ಕಡಿಮೆ. ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಹಳೆಯ ದೃಶ್ಯ ಅಳಿಸಿಹೋಗುವ ಮೊದಲು ಇದು ಅವರ ಕೈ ಸೇರಬೇಕು. ಮಾಹಿತಿ ಮಾತ್ರ ಕೊಡಿ, ಫಿರ್ಯಾದಿಗೆ ಹುಡುಗನ ಮನೆಯವರು ಸಹಿ ಹಾಕಲಿ. ನೀವು ಸಹಿ ಹಾಕಿದರೆ ಎಫ್‌ಐಆರ್‌ನಲ್ಲಿ ನಿಮ್ಮ ಹೆಸರೇ ಬರುತ್ತದೆ.

ಟ್ಯಾಕ್ಸಿ ಚಾಲಕರು: ಮನೆಯವರು 50 ಸಾವಿರ ತಗೊಂಡ ಮೇಲೆ ಲಾರಿ ಸಿಕ್ಕರೆ?

ವಕೀಲರು: ಟ್ರಿಬ್ಯುನಲ್ ಹಣ ಬಂದಾಗ ಆ 50 ಸಾವಿರ ಹಿಂದಿರುಗಿಸಬೇಕು, ಅಷ್ಟೇ. ಆದ್ದರಿಂದ ಅರ್ಜಿಗೆ ಕಾಯುವುದು ಬೇಡ. ಒಂದು ತಿಂಗಳಲ್ಲಿ ವಾಹನ ತಿಳಿಯದಿದ್ದರೆ ಈ ಯೋಜನೆಯ ಬಗ್ಗೆ ಠಾಣಾಧಿಕಾರಿಯೇ ಮನೆಯವರಿಗೆ ಲಿಖಿತವಾಗಿ ತಿಳಿಸಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಗುರುತಿನ ಚೀಟಿ, ಪಾಸ್‌ಬುಕ್ ಪ್ರತಿ ಇಟ್ಟು ತಾಲ್ಲೂಕಿನ ಕ್ಲೇಮು ವಿಚಾರಣಾಧಿಕಾರಿಗೆ ಅರ್ಜಿ ಕೊಟ್ಟರೆ, ಅವರ ವರದಿಯ ಮೇಲೆ ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ.

ಬೆಳೆಗಾರರು: ನಾನು ಹೆಸರು ಕೊಡದೆ ನಂಬರ್ ಹೇಳಿದೆ ಅಂತಿಟ್ಟುಕೊಳ್ಳಿ. ಆಮೇಲೆ ನನ್ನ ಫೋನ್ ನಂಬರ್ ಹಿಡಿದು ಕೋರ್ಟಿಗೆ ಕರೆದರೆ?

ವಕೀಲರು: ಹೆಸರು ಕೇಳಬಾರದೆಂಬ ನಿಯಮ ಇದೆ, ಆದರೆ 112ಕ್ಕೆ ಕರೆ ಮಾಡಿದಾಗ ನಿಮ್ಮ ನಂಬರ್ ಅಲ್ಲಿ ಕಾಣುವುದು ನಿಜ. ನ್ಯಾಯಾಲಯ ಸಮನ್ಸ್ ಕಳಿಸಿದರೆ ನಿಯಮ ತೋರಿಸಿ ತಪ್ಪಿಸಿಕೊಳ್ಳಬಹುದೆಂದು ನಾನು ಹೇಳಲಾರೆ, ಹೋಗಬೇಕು. ವಿಡಿಯೊ ಕಾನ್ಫರೆನ್ಸ್‌ನಲ್ಲಿ ಸಾಕ್ಷಿ ಹೇಳಲು ಅರ್ಜಿ ಕೊಡಬಹುದು.

ನರ್ಸ್: ಒಪ್ಪುವುದಿಲ್ಲ ಸರ್. ಅಷ್ಟು ಹೇಳಿದರೆ ನಾಳೆ ಯಾರು ನಂಬರ್ ಕೊಡ್ತಾರೆ?

ವಕೀಲರು: ನಿಮ್ಮ ಮಾತು ಸರಿ ನರ್ಸಮ್ಮ, ಕಾನೂನು ಅಲ್ಲಿ ಇನ್ನೂ ಗಟ್ಟಿಯಾಗಬೇಕು. ಆದರೂ ಮೊದಲೇ ಗೊತ್ತಿದ್ದು ನಿರ್ಧರಿಸಲಿ ಎಂದೇ ಹೇಳಿದೆ.