ಬಸುರಿಯಲ್ಲಿ ಸೊಂಟ ನೋವು: ಯಾವುದು ಮಾಮೂಲು, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು?

ಪೆರ್ಲದಿಂದ, ಕೇಳಿದವರು: ನನಗೆ ಈಗ 31 ವಾರ, ಮೊದಲ ಬಸುರಿ. ಸೊಂಟದ ಹಿಂದೆ ಬಲಗಡೆ ನೋವು, ಮುಂದೆ ಕೆಳಹೊಟ್ಟೆಯ ಎಲುಬಿನ ಹತ್ತಿರವೂ ಚುಚ್ಚುತ್ತದೆ. ರಾತ್ರಿ ಮಗ್ಗುಲು ಬದಲಿಸುವಾಗ ಜೀವ ಹೋದಂತಾಗುತ್ತದೆ. ಅತ್ತೆ ಎಲ್ಲರಿಗೂ ಇರುತ್ತದೆ ಅನ್ನುತ್ತಾರೆ. ಮುಂದಿನ ತಪಾಸಣೆಗೆ ಇನ್ನೂ ಹತ್ತು ದಿನ ಇದೆ. ಕಾಯಬಹುದಾ? ಅನುಭವ ಇದ್ದವರು ಹೇಳಿ.

ಬದಿಯಡ್ಕದಿಂದ, ಎರಡು ಮಕ್ಕಳ ತಾಯಿ: ನನಗೂ ಎರಡು ಸಲವೂ ಇತ್ತು ತಂಗಿ. ಪೂರ್ತಿ ಮಲಗಿಬಿಡು, ಏಳಲೇಬೇಡ. ಬಿಸಿನೀರಿನ ಚೀಲ ಇಡು. ಹೆರಿಗೆಯಾದ ಮೇಲೆ ತಾನಾಗಿಯೇ ಹೋಗುತ್ತದೆ.

ಉಪ್ಪಳದಿಂದ: ಹೆರಿಗೆಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಹೀಗೇ ಆಗುತ್ತದೆ. ನನಗೆ ಮಗುವಿಗೆ ಒಂದು ವರ್ಷ ಆಗುವವರೆಗೂ ಇತ್ತು. ಇಂಜೆಕ್ಷನ್ ಬೇಡ ಅಂತ ಮೊದಲೇ ಹೇಳಿಬಿಡಿ.

ಕುಂಬಳೆಯಿಂದ, ಹೆರಿಗೆ ವಾರ್ಡಿನಲ್ಲಿದ್ದ ನಿವೃತ್ತ ನರ್ಸ್: ಉಪ್ಪಳದ ಅಕ್ಕಾ, ಇವರಿಗೆ ಹೆರಿಗೆಗೆ ಇನ್ನೂ ಸುಮಾರು ಎರಡು ತಿಂಗಳಿದೆ, ಇದು ಬೇರೆ ವಿಷಯ. ಆ ಇಂಜೆಕ್ಷನ್ನಿಂದ ವರ್ಷಗಟ್ಟಲೆ ಸೊಂಟ ನೋವು ಬರುತ್ತದೆ ಅನ್ನುವುದೂ ಸರಿಯಲ್ಲ. ಪೆರ್ಲದ ತಂಗಿ, ಕಾಯಬಹುದಾ ಅನ್ನುವುದಕ್ಕೆ ಮೊದಲು ನಾಲ್ಕು ಮಾತು ಬೇಕು. ಸುಮ್ನೆ ಅಲುಗಾಡದೆ ಮಲಗಿದ್ದರೆ ನೋವು ಇಳಿಯುತ್ತದಾ? ಸೀರೆಯ ಲಂಗ ಅಥವಾ ಪ್ಯಾಂಟು ಹಾಕಲು ಒಂದು ಕಾಲಲ್ಲಿ ನಿಂತಾಗ ಜಾಸ್ತಿಯಾಗುತ್ತದಾ? ಜ್ವರ, ಚಳಿ, ಮೂತ್ರ ಹೋಗುವಾಗ ಉರಿ ಇದೆಯಾ? ಹೊಟ್ಟೆ ಆಗಾಗ ಕಲ್ಲಿನಂತೆ ಗಟ್ಟಿಯಾಗುತ್ತದಾ?

ಪೆರ್ಲದಿಂದ: ಮಲಗಿದರೆ ಇಳಿಯುತ್ತದೆ. ಒಂದು ಕಾಲಲ್ಲಿ ನಿಲ್ಲಲು ಆಗುವುದೇ ಇಲ್ಲ. ಮನೆಯ ಮುಂದಿನ ಕೆಂಪುಕಲ್ಲಿನ ಮೆಟ್ಟಿಲು ಹತ್ತುವಾಗಲೂ ಹಾಗೆಯೇ. ಜ್ವರ ಇಲ್ಲ, ಉರಿ ಇಲ್ಲ. ಸಂಜೆ ಮಾತ್ರ ಹೊಟ್ಟೆ ಒಂದೆರಡು ಸಲ ಗಟ್ಟಿಯಾಗಿ ಬಿಡುತ್ತದೆ. ಈ ವಾರ ಅಡಿಕೆ ಸುಲಿಯಲು ನಾನೂ ಕೂತಿದ್ದೆ, ಅದರಿಂದ ಇರಬಹುದಾ?

ನಿವೃತ್ತ ನರ್ಸ್: ಹಾಗಾದರೆ ಇದು ಸೊಂಟದ ಎಲುಬು ಕೂಡುವ ಕಡೆಯ ನೋವಿನಂತೆ ಕಾಣುತ್ತದೆ. ಹಿಂದೆ ಎರಡು ಕಡೆ, ಮುಂದೆ ಒಂದು ಕಡೆ ಎಲುಬುಗಳು ಸೇರುತ್ತವೆ. ಬಸುರಿಯಲ್ಲಿ ಅಲ್ಲಿನ ಕಟ್ಟುಗಳು ಸಡಿಲವಾಗುತ್ತವೆ, ಹೊಟ್ಟೆಯ ಭಾರವೂ ಮುಂದಕ್ಕೆ ಎಳೆಯುತ್ತದೆ. ಎರಡು ಕಾಲೂ ಸಮ ಕೆಲಸ ಮಾಡದಾಗ ಒಂದು ಬದಿಗೆ ಎಳೆತ ಬೀಳುತ್ತದೆ. ಅದಕ್ಕೇ ಮೆಟ್ಟಿಲು, ಮಗ್ಗುಲು, ಒಂದು ಕಾಲಲ್ಲಿ ನಿಲ್ಲುವುದು, ಇವು ಮೂರೂ ಚುಚ್ಚುವುದು. ನೆಲದಲ್ಲಿ ಒಂದು ಕಾಲು ಮಡಚಿ ಬಹಳ ಹೊತ್ತು ಅಡಿಕೆ ಸುಲಿಯುವುದೂ ಅಂಥದ್ದೇ. ಮಗುವಿಗೆ ಇದರಿಂದ ತೊಂದರೆ ಇಲ್ಲ.

ಬದಿಯಡ್ಕದ ತಂಗಿ ಹೇಳಿದ್ದರಲ್ಲಿ ಅರ್ಧ ಸರಿ. ಬೆಚ್ಚಗಿನ ಚೀಲ ಸೊಂಟಕ್ಕೆ ಇಡಬಹುದು, ಬಟ್ಟೆ ಸುತ್ತಿ, ಹೊಟ್ಟೆಯ ಮೇಲೆ ಬೇಡ. ಆದರೆ ಪೂರ್ತಿ ಮಲಗಿರುವುದು ಬೇಡ. ಸ್ನಾಯು ಇನ್ನೂ ಬಲ ಕಳೆದುಕೊಳ್ಳುತ್ತವೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಬಸುರಿಯಲ್ಲಿ ಜಾಸ್ತಿ. ನೋವು ಬಾರದಷ್ಟು ಓಡಾಡಬೇಕು, ನಡುನಡುವೆ ಕೂರಬೇಕು.

ಮಗ್ಗುಲು ಬದಲಿಸುವಾಗ ಎರಡೂ ಮೊಣಕಾಲು ಮಡಚಿ, ಒಂದಕ್ಕೊಂದು ಒತ್ತಿ ಹಿಡಿದು, ಮೈಯೆಲ್ಲ ಒಟ್ಟಿಗೆ ತಿರುಗಿಸಿ. ಮೊಣಕಾಲಿನ ನಡುವೆ ಒಂದು ದಿಂಬು ಇರಲಿ, ಅದು ಪಾದದವರೆಗೆ ಬರಬೇಕು. ಬಟ್ಟೆ ಕೂತು ಹಾಕಿ. ಮೆಟ್ಟಿಲು ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು, ಒಂದೊಂದೇ ಮೆಟ್ಟಿಲು. ರಿಕ್ಷಾದಲ್ಲಿ ಮೊದಲು ಕೂತುಬಿಡಿ, ಆಮೇಲೆ ಎರಡೂ ಕಾಲು ಜೊತೆಗೆ ಒಳಗೆ ತನ್ನಿ. ಬಾವಿಯಿಂದ ನೀರು ಸೇದುವುದನ್ನು ಮನೆಯ ಬೇರೆಯವರು ಮಾಡಲಿ.

ಮುಳ್ಳೇರಿಯದಿಂದ: ನನ್ನ ಕಥೆ ಬೇರೆ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಆರನೇ ತಿಂಗಳಲ್ಲಿ ಬಲಗಡೆ, ಸೊಂಟಕ್ಕಿಂತ ಮೇಲೆ, ಪಕ್ಕೆಲುಬಿನ ಕೆಳಗೆ ನೋವು ಬಂತು. ಹೇಗೆ ಮಲಗಿದರೂ ಇಳಿಯಲಿಲ್ಲ. ಮನೆಯಲ್ಲಿ ಎಣ್ಣೆ ಹಚ್ಚಿದರು. ರಾತ್ರಿ ಹಲ್ಲು ಕಟಕಟ ಅನ್ನುವಷ್ಟು ಚಳಿ, ಜ್ವರ, ವಾಂತಿ. ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಮೂತ್ರಪಿಂಡಕ್ಕೆ ಸೋಂಕು ಅಂದರು. ಒಳರೋಗಿಯಾಗಿ ಇರಿಸಿಕೊಂಡು ರಕ್ತನಾಳದ ಮೂಲಕ ಔಷಧಿ ಕೊಟ್ಟರು. ನನಗೆ ಮೂತ್ರ ಉರಿಯೇ ಇರಲಿಲ್ಲ, ನೆನಪಿರಲಿ.

ನಿವೃತ್ತ ನರ್ಸ್: ಇದು ಬಹಳ ಮುಖ್ಯವಾದ ಅನುಭವ. ಜಾಗ ನೋಡಿ: ಇವರ ನೋವು ಸೊಂಟಪಟ್ಟಿ ಕಟ್ಟುವ ಜಾಗಕ್ಕಿಂತ ಮೇಲೆ, ಪೆರ್ಲದ ತಂಗಿಯದು ಕೆಳಗೆ. ಇವರದು ಅಲುಗಾಡಿದರೂ ಬಿಟ್ಟರೂ ಒಂದೇ. ಇಂಥದ್ದು ಜ್ವರದ ಜೊತೆ ಬಂದರೆ ಅದೇ ದಿನ ಹೋಗಬೇಕು, ಯಾಕೆಂದರೆ ಈ ಸೋಂಕಿನಿಂದ ಅವಧಿಗೆ ಮೊದಲೇ ಹೆರಿಗೆ ನೋವು ಶುರುವಾಗಬಹುದು. ಜ್ವರ ಇಳಿಸಲು ಪ್ಯಾರಾಸಿಟಮಾಲ್ ನುಂಗಿದರೆ ಜ್ವರ ಮರೆಯಾಗುತ್ತದೆ, ಸೋಂಕು ಹೋಗುವುದಿಲ್ಲ.

ಈಗ ಆ ಗಟ್ಟಿಯಾಗುವ ವಿಷಯ. 37 ವಾರಕ್ಕೆ ಮೊದಲು ಅದರ ಮೇಲೆ ಕಣ್ಣಿಡಬೇಕು. ಇವತ್ತು ಸಂಜೆ ಮೂತ್ರಕ್ಕೆ ಹೋಗಿ ಬಂದು, ಎರಡು ಲೋಟ ನೀರು ಕುಡಿದು, ಎಡಕ್ಕೆ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಒಂದು ಗಂಟೆ ಎಣಿಸಿ. ಎಷ್ಟೋ ಹೊತ್ತಿಗೊಮ್ಮೆ ಬಂದು ನಿಂತರೆ ಪರವಾಗಿಲ್ಲ. ಗಂಟೆಗೆ ನಾಲ್ಕು ಸಲಕ್ಕೆ ಮುಟ್ಟಿದರೆ, ಅಥವಾ ಬರಬರುತ್ತ ಹತ್ತಿರವಾದರೆ, ಸೊಂಟ ನೋವೂ ಅದರ ಜೊತೆಗೇ ಏರಿ ಇಳಿದರೆ ಬೆಳಗಾಗಲಿ ಅಂತ ಕೂರಬೇಡಿ. ಕೆಲವರಿಗೆ ಅವಧಿಗೆ ಮೊದಲಿನ ಹೆರಿಗೆ ನೋವು ಹೊಟ್ಟೆಯಲ್ಲಲ್ಲ, ಸೊಂಟದಲ್ಲೇ ಗೊತ್ತಾಗುತ್ತದೆ. ನೀರು ಸೋರಿದರೆ, ರಕ್ತ ಕಂಡರೆ, ಹೊಟ್ಟೆ ಬಿಡದೆ ಗಟ್ಟಿಯಾಗಿ ನೋವಿದ್ದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಎಣಿಸುತ್ತಲೂ ಕೂರಬಾರದು. 108ಕ್ಕೆ ಫೋನ್ ಮಾಡಿ.

ಇನ್ನೊಂದು ಅಪರೂಪದ್ದು, ಆದರೆ ಹೇಳಲೇಬೇಕು. ಕೂತಾಗ ಸೀಟಿಗೆ ತಾಗುವ ಮೈಯ ಭಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ಕಾಲಿಗೆ ಬಲ ಇಲ್ಲವಾದರೆ ಅದು ಬೆನ್ನುಹುರಿಯ ನರದ ತೊಂದರೆ ಇರಬಹುದು. ಒಂದೊಂದು ಗಂಟೆಯೂ ಮುಖ್ಯ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬದಿಯಡ್ಕದಿಂದ: ಡೈಕ್ಲೋಫೆನಾಕ್ ತಿಂದರೆ ಒಂದು ದಿನದಲ್ಲಿ ಇಳಿಯುತ್ತದೆ ಅಲ್ವಾ?

ನಿವೃತ್ತ ನರ್ಸ್: ಬೇಡ ತಂಗಿ. 20 ವಾರದ ಮೇಲೆ ಅಂಥ ಮಾತ್ರೆಗಳು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರು ಕಡಿಮೆ ಮಾಡಬಹುದು, ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ರಕ್ತನಾಳಕ್ಕೂ ಕಷ್ಟ. ಐಬುಪ್ರೊಫೆನ್ ಕೂಡ ಅದೇ ಸಾಲಿನದು. ಪ್ಯಾರಾಸಿಟಮಾಲ್ ಆದರೂ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಪೆರ್ಲದಿಂದ: ನಿನ್ನೆ ಸಂಜೆ ಎಣಿಸಿದೆ, ಒಂದು ಗಂಟೆಯಲ್ಲಿ ಒಂದೇ ಸಲ. ಆದರೂ ಮನಸ್ಸು ತಡೆಯಲಿಲ್ಲ, ಇವತ್ತೇ ತೋರಿಸಿ ಬಂದೆ. ಮೂತ್ರ ಪರೀಕ್ಷೆ ಮಾಡಿದರು, ಸೋಂಕು ಇಲ್ಲ. ರಕ್ತದೊತ್ತಡ ನೋಡಿದರು, ಹೊಟ್ಟೆಯನ್ನೂ ನೋಡಿ ಸೊಂಟದ್ದೇ ನೋವು ಅಂದರು. ದಿಂಬಿನಿಂದ ನಿದ್ದೆ ಸ್ವಲ್ಪ ಬಂತು, ಮೆಟ್ಟಿಲು ಇನ್ನೂ ಕಷ್ಟ. ಬೆಲ್ಟ್ ಹಾಕಿದರೆ ಒಳ್ಳೆಯದಾ? ಕೇಳಲು ಮರೆತೆ. ಈ ನೋವಿದ್ದರೆ ಆಪರೇಷನ್ನೇ ಮಾಡಬೇಕಾಗುತ್ತದಾ?

ಮುಳ್ಳೇರಿಯದಿಂದ: ನನ್ನ ಅಕ್ಕ ಬೆಲ್ಟ್ ಕಟ್ಟಿಯೇ ಒಂಬತ್ತು ತಿಂಗಳು ಕಳೆದಳು. ನನಗೆ ಮಾತ್ರ ಎರಡನೇ ಬಸುರಿಯಲ್ಲಿ ಬೆವರು, ತುರಿಕೆ ಬಿಟ್ಟರೆ ಏನೂ ಸಿಗಲಿಲ್ಲ.

ನಿವೃತ್ತ ನರ್ಸ್: ಬೆಲ್ಟ್ ಕೆಲವರಿಗೆ ಆಗುತ್ತದೆ, ಕೆಲವರಿಗೆ ಇಲ್ಲ. ಕೊಳ್ಳುವ ಮೊದಲು ಹೀಗೆ ನೋಡಿ: ಸ್ವಲ್ಪ ಹೊತ್ತು ಅಂಗಾತ ಮಲಗಿ ನೋವಿರುವ ಕಾಲನ್ನು ನೇರವಾಗಿಟ್ಟು ಗೇಣಿನಷ್ಟು ಎತ್ತಿ. ಆಮೇಲೆ ಮನೆಯವರು ಸೊಂಟದ ಎರಡೂ ಎಲುಬನ್ನು ಪಕ್ಕದಿಂದ ಒಳಕ್ಕೆ ಒತ್ತಿ ಹಿಡಿಯಲಿ, ಮತ್ತೆ ಎತ್ತಿ. ಎರಡನೇ ಸಲ ಹಗುರವಾದರೆ ಬೆಲ್ಟ್ ಸಹಾಯ ಮಾಡುವ ಸಾಧ್ಯತೆ ಇದೆ. ಕಟ್ಟುವುದು ಹೊಟ್ಟೆಯ ಕೆಳಗೆ, ಹೊಟ್ಟೆಯ ಮೇಲಲ್ಲ. ಒಬ್ಬ ಫಿಸಿಯೋಥೆರಪಿಸ್ಟ್ ನೋಡಿದರೆ ವ್ಯಾಯಾಮವನ್ನೂ ಹೇಳಿಕೊಡುತ್ತಾರೆ, ಬೆಲ್ಟಿಗಿಂತ ಮೊದಲು ಅದು.

ಈ ನೋವು ಒಂದರಿಂದಲೇ ಆಪರೇಷನ್ ಬೇಕಾಗುವುದಿಲ್ಲ. ಆದರೆ ನೋವಿಲ್ಲದೆ ಎರಡು ಮೊಣಕಾಲು ಎಷ್ಟು ಅಗಲ ತೆರೆಯುತ್ತದೆ ಅಂತ ಈಗಲೇ ಅಳೆದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಹೆರಿಗೆ ಕೋಣೆಯಲ್ಲಿ ತೋರಿಸಿ. ಅದಕ್ಕಿಂತ ಅಗಲ ಎಳೆಯದೆ, ಎಡಮಗ್ಗುಲಲ್ಲಿ ಮಲಗಿಸಿಯೂ ಹೆರಿಗೆ ಮಾಡಿಸಬಹುದು.

ಪೆರ್ಲದಿಂದ: ಕಾಲು ಎತ್ತಿ ನೋಡಿದೆವು, ಅತ್ತೆಯೇ ಒತ್ತಿ ಹಿಡಿದರು. ಸ್ವಲ್ಪ ಹಗುರ ಅನಿಸಿತು, ಆದರೆ ಬಹಳ ವ್ಯತ್ಯಾಸ ಅಂತ ಹೇಳಲಾರೆ. ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುತ್ತೇನೆ. ಅಡಿಕೆ ಸುಲಿಯುವ ಕೆಲಸ ಅತ್ತೆ ತಾವೇ ತೆಗೆದುಕೊಂಡಿದ್ದಾರೆ.