‘ಆರ್ ಸ್ಟುಡಿಯೋ ಬಳಸಲಾಗಿದೆ’ ಎಂದು ಬರೆದರೆ ಸಾಲದೇ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಶಿಡ್ಲಘಟ್ಟ): ಹತ್ತು ರೇಷ್ಮೆ ಸಾಕಣೆ ಮನೆಗಳಲ್ಲಿ ಐದಕ್ಕೆ ಹೊಸ ತಳಿಯ ಹಿಪ್ಪುನೇರಳೆ ಸೊಪ್ಪು, ಐದಕ್ಕೆ ಹಳೆಯದು ಕೊಟ್ಟು, ಪ್ರತಿ ಮನೆಯಿಂದ ಮೂವತ್ತು ಗೂಡು ತೂಗಿದ್ದೇನೆ. ವಿಧಾನದ ಭಾಗದಲ್ಲಿ ‘ವಿಶ್ಲೇಷಣೆಗೆ ಆರ್ ಸ್ಟುಡಿಯೋ ಬಳಸಲಾಗಿದೆ’ ಎಂದು ಬರೆದಿದ್ದೆ. ಸಾಫ್ಟ್‌ವೇರ್, ಪ್ಯಾಕೇಜ್, ಆವೃತ್ತಿ ಎಲ್ಲವನ್ನೂ ತಿಳಿಸಿ ಎಂದು ಪರಿಶೀಲಕರು ಹಿಂದಿರುಗಿಸಿದ್ದಾರೆ. ಏನನ್ನು, ಎಷ್ಟು ಬರೆಯಬೇಕು? ಕೆಲಸ ಮಾಡಿದ್ದು ಕಾಲೇಜಿನ ಕಂಪ್ಯೂಟರಿನಲ್ಲಿ, ಅದನ್ನು ಈಗ ಬದಲಾಯಿಸಿದ್ದಾರೆ.

ಉತ್ತರ (ಸಂಖ್ಯಾಶಾಸ್ತ್ರ ಅಧ್ಯಾಪಕ, ತುಮಕೂರು): ಆರ್ ಸ್ಟುಡಿಯೋ ನೀವು ಕುಳಿತು ಕೆಲಸ ಮಾಡಿದ ಕೋಣೆ ಮಾತ್ರ. ಲೆಕ್ಕ ಮಾಡಿದ್ದು ಆರ್, ಮತ್ತು ಅದರೊಳಗೆ ನೀವು ಕರೆದ ಪ್ಯಾಕೇಜ್. ಅವುಗಳ ಹೆಸರು ಬಿಟ್ಟರೆ ನಿಮ್ಮ ಕೋಷ್ಟಕದ ಅಂಕಿ ಎಲ್ಲಿಂದ ಬಂತು ಎಂಬುದು ಓದುವವರಿಗೆ ತಿಳಿಯುವುದಿಲ್ಲ.

ನಿಮ್ಮ ವಿನ್ಯಾಸದಲ್ಲಿ ಮನೆಯನ್ನು ಯಾದೃಚ್ಛಿಕ ಅಂಶವಾಗಿ ಇಟ್ಟು `lme4` ಬಳಸಿರಬೇಕು. ಆ ಪ್ಯಾಕೇಜಿನ `lmer` ಮಾದರಿಯ ಸಾರಾಂಶ ಪಿ-ಮೌಲ್ಯವನ್ನು ಕೊಡುವುದೇ ಇಲ್ಲ. ನಿಮ್ಮ ಕೋಷ್ಟಕದಲ್ಲಿ ಪಿ-ಮೌಲ್ಯ ಇದ್ದರೆ ಅದು ಬಹುಶಃ `lmerTest` ಕೊಟ್ಟದ್ದು. ಅದು ಯಾವ ವಿಧಾನದಿಂದ ಎಂದು ಹೇಳದಿದ್ದರೆ ಬೇರೊಬ್ಬರು ಮುನ್ನೂರು ಗೂಡು ಇವೆಯಲ್ಲ ಎಂದು ಟಿ-ಮೌಲ್ಯವನ್ನು 1.96ರ ಗಡಿಗೆ ಹೋಲಿಸುತ್ತಾರೆ. ಸೊಪ್ಪನ್ನು ಹಂಚಿದ್ದು ಗೂಡಿಗಲ್ಲ, ಮನೆಗೆ. ಹತ್ತು ಮನೆಗಳಿಗೆ ಸ್ವಾತಂತ್ರ್ಯಾಂಕ ಸುಮಾರು 8, ಗಡಿ 2.306. ನಿಮ್ಮ ಟಿ-ಮೌಲ್ಯ 2.1 ಎಂದುಕೊಳ್ಳಿ: ಒಂದು ಲೆಕ್ಕದಲ್ಲಿ ಹೊಸ ಸೊಪ್ಪು ಗೆದ್ದಿತು, ಇನ್ನೊಂದರಲ್ಲಿ ಇಲ್ಲ. ಆದ್ದರಿಂದ ನಿಮ್ಮ ವಾಕ್ಯ ಹೀಗಿರಲಿ: ‘ಮಿಶ್ರ ಮಾದರಿಯನ್ನು ಆರ್ 4.2.2ರಲ್ಲಿ lme4 1.1-31 ಬಳಸಿ ಹೊಂದಿಸಲಾಯಿತು. ಪಿ-ಮೌಲ್ಯಗಳನ್ನು lmerTest 3.1-3ರ ಸ್ಯಾಟರ್ಥ್ವೇಟ್ ವಿಧಾನದಿಂದ ಪಡೆಯಲಾಯಿತು.’ ಆವೃತ್ತಿಯ ಅಂಕಿಗಳು ಉದಾಹರಣೆಗೆ ಕೊಟ್ಟವು. ನಿಮ್ಮ ಯಂತ್ರದಲ್ಲಿ ಇದ್ದದ್ದನ್ನೇ ಬರೆಯಿರಿ.

ಗ್ರಂಥಪಾಲಕಿ, ಚಿಕ್ಕಬಳ್ಳಾಪುರ: `sessionInfo()` ಎಂದು ಕೊಟ್ಟರೆ ಎಲ್ಲ ಪ್ಯಾಕೇಜುಗಳೂ ಬರುತ್ತವೆ. ಆ ಪಟ್ಟಿಯನ್ನೇ ವಿಧಾನದಲ್ಲಿ ಹಾಕಿ ಎಲ್ಲವನ್ನೂ ಉಲ್ಲೇಖಿಸಿದರೆ ಯಾರೂ ತಪ್ಪು ಹಿಡಿಯುವಂತಿಲ್ಲ.

ಅಧ್ಯಾಪಕ: ಮೇಡಂ, ಆ ಆದೇಶ ಸರಿಯಾದದ್ದೇ, ಅದನ್ನು ಇಡುವ ಜಾಗ ಬೇರೆ. ಪೂರ್ಣ ಪಟ್ಟಿ ಅನುಬಂಧಕ್ಕೆ ಹೋಗಲಿ. ಪಠ್ಯದಲ್ಲಿ ಅಂಕಿಯನ್ನು ನಿರ್ಧರಿಸಿದ ಪ್ಯಾಕೇಜುಗಳು ಸಾಕು. ಇಲ್ಲವಾದರೆ ಬಣ್ಣ ಹಚ್ಚುವ ಪ್ಯಾಕೇಜಿನ ಗುಂಪಿನಲ್ಲಿ `lmerTest` ಕಾಣದೆ ಹೋಗುತ್ತದೆ. ಉಲ್ಲೇಖವನ್ನು `citation("lme4")` ಎಂದು ಕೇಳಿದರೆ ಆರ್ ತಾನೇ ಕೊಡುತ್ತದೆ, 2015ರ ಲೇಖನ ಬರುತ್ತದೆ. ಬರಿ `citation()` ಎಂದರೆ ಆರ್‌ನದು. ಆದರೆ ಇದನ್ನು ವಿಶ್ಲೇಷಣೆ ನಡೆದ ಯಂತ್ರದಲ್ಲೇ ಕೇಳಬೇಕು. ಹೊಸ ಯಂತ್ರ ತನ್ನ ಆವೃತ್ತಿಯ ವರ್ಷವನ್ನು ಹೇಳುತ್ತದೆ.

ಕೃಷಿ ಪದವೀಧರ, ಕೋಲಾರ: ನನ್ನದೂ ಇದೇ ಸಮಸ್ಯೆ ಸರ್. ಟೊಮೆಟೊ ಪ್ರಯೋಗದ ಅಂಕಿ ಎಸ್‌ಪಿಎಸ್‌ಎಸ್‌ನಲ್ಲಿ ಒಂದು, ಗೆಳೆಯ ಆರ್‌ನಲ್ಲಿ ಮಾಡಿದಾಗ ಇನ್ನೊಂದು. ಆವೃತ್ತಿ ಹಳೆಯದಾಗಿರಬಹುದೇ? ಮಳೆಗೆ ಮೂರು ತಾಕುಗಳು ಹೋಗಿದ್ದವು.

ಅಧ್ಯಾಪಕ: ನಿಮ್ಮದು ಆವೃತ್ತಿಯ ಸಮಸ್ಯೆ ಅಲ್ಲ, ಆ ಮೂರು ತಾಕುಗಳದ್ದು. ಗುಂಪುಗಳು ಅಸಮವಾದಾಗ ವರ್ಗಮೊತ್ತವನ್ನು ಹಂಚುವ ಬಗೆಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಆರ್‌ನ `aov` ಮೊದಲನೇ ಬಗೆ, ಎಸ್‌ಪಿಎಸ್‌ಎಸ್ ತಾನಾಗಿ ಆರಿಸುವುದು ಮೂರನೆಯದು. ಯಾವ ಬಗೆ ಎಂದು ಬರೆಯಿರಿ. ಎರಡರಲ್ಲಿ ಯಾವುದು ಸರಿ ಎಂಬ ಜಗಳ ನಮ್ಮವರಲ್ಲೇ ಮುಗಿದಿಲ್ಲ.

ಗ್ರಂಥಪಾಲಕಿ: ಹಾಗಾದರೆ ಹೆಸರು, ವಿಧಾನ ಸಾಕಲ್ಲವೇ? ಕೂಡುವುದು ಕಳೆಯುವುದು ಆವೃತ್ತಿಗೆ ಬದಲಾಗುತ್ತದೆಯೇ?

ಅಧ್ಯಾಪಕ: ಬದಲಾಗುತ್ತದೆ, ನಾನು ಅದರಿಂದ ನೊಂದಿದ್ದೇನೆ. ನನ್ನ ವಿದ್ಯಾರ್ಥಿಯೊಬ್ಬ 2017ರಲ್ಲಿ ಶಿರಾ ಕಡೆ ಹತ್ತು ರಾಗಿ ತಾಕುಗಳನ್ನು ಆರ್‌ನಲ್ಲಿ ಚೀಟಿ ಎತ್ತಿ ಹಂಚಿದ್ದ. ಮೊದಲು ಬಂದ ಐದು ತಾಕುಗಳಿಗೆ ಹೊಸ ಗೊಬ್ಬರ. ಚೀಟಿ ಎತ್ತುವುದನ್ನು ಆರ್ ಎಲ್ಲಿಂದ ಶುರು ಮಾಡಬೇಕೆಂದು ಹೇಳುವ ಬೀಜಸಂಖ್ಯೆ 123 ಎಂದು ಕಡತದಲ್ಲಿ ಬರೆದಿದ್ದ, ಆವೃತ್ತಿ ಬರೆದಿರಲಿಲ್ಲ. ವರ್ಷಗಳ ನಂತರ ನಾನು ಅದೇ ಎರಡು ಸಾಲುಗಳನ್ನು ಓಡಿಸಿದೆ:

```r
set.seed(123)
sample(1:10)
```

ನನಗೆ ಮೊದಲ ಐದು 3, 10, 2, 8, 6 ಎಂದು ಬಂದವು. ಅವನ ಹೊಲದ ಪುಸ್ತಕದಲ್ಲಿ 3, 8, 4, 7, 6. ಹೊಸ ಗೊಬ್ಬರ 4 ಮತ್ತು 7ಕ್ಕೆ ಹೋಗಿತ್ತು, 10 ಮತ್ತು 2ಕ್ಕೆ ಅಲ್ಲ. ಒಳ್ಳೆಯ ಮಣ್ಣಿನ ತಾಕುಗಳನ್ನು ಹುಡುಗ ಕೈಯಾರೆ ಆರಿಸಿಕೊಂಡನೇ ಎಂದು ಎರಡು ದಿನ ಅನುಮಾನಪಟ್ಟೆ. ಅವನು ಏನೂ ಮಾಡಿರಲಿಲ್ಲ. 2019ರಲ್ಲಿ ಬಂದ ಆರ್ 3.6.0ರಲ್ಲಿ `sample` ಚೀಟಿ ಎತ್ತುವ ರೀತಿಯನ್ನೇ ಬದಲಿಸಿದ್ದಾರೆ. ಹಳೆಯ ರೀತಿಯಲ್ಲಿ ದೊಡ್ಡ ಪಟ್ಟಿಗಳಲ್ಲಿ ಎಲ್ಲರಿಗೂ ಸಮಾನ ಅವಕಾಶ ಸಿಗುತ್ತಿರಲಿಲ್ಲ, ಆ ಕಾರಣಕ್ಕೆ. ಹಳೆಯ ಫಲಿತಾಂಶ ಬೇಕಾದರೆ ಮೊದಲ ಸಾಲನ್ನು ಹೀಗೆ ಬರೆಯಬೇಕು, ಒಂದು ಎಚ್ಚರಿಕೆ ಬರುತ್ತದೆ, ಬರಲಿ:

```r
set.seed(123, sample.kind = "Rounding")
```

ಹೀಗೆ ಓಡಿಸಿದಾಗ 3, 8, 4, 7, 6 ಬಂತು. ‘ಆರ್ 3.4’ ಎಂಬಷ್ಟು ಮಾತು ಕಡತದಲ್ಲಿ ಇದ್ದಿದ್ದರೆ ಆ ಹುಡುಗನನ್ನು ಎದುರಿಗೆ ನಿಲ್ಲಿಸಿ ಕೇಳುವ ಪ್ರಸಂಗ ನನಗೆ ಬರುತ್ತಿರಲಿಲ್ಲ.

ವಿದ್ಯಾರ್ಥಿನಿ: ಸರ್, ನಾನೂ ಮನೆಗಳನ್ನು `sample`ನಿಂದಲೇ ಹಂಚಿದ್ದು. ಆದರೆ ಹಳೆಯ ಕಂಪ್ಯೂಟರೇ ಇಲ್ಲವಲ್ಲ. ನನ್ನ ಬಳಿ ಇರುವುದು ಸ್ಕ್ರಿಪ್ಟ್, ದತ್ತಾಂಶ, ಮತ್ತು ಮಾದರಿಯನ್ನು ಉಳಿಸಿದ್ದ `model.rds` ಕಡತ.

ಅಧ್ಯಾಪಕ: ಆ ಕಡತ ಇದ್ದರೆ ಅರ್ಧ ದಾರಿ ತೆರೆದಿದೆ ಅಮ್ಮಾ. `saveRDS` ಕಡತದ ತಲೆಭಾಗದಲ್ಲಿ ಅದನ್ನು ಬರೆದ ಆರ್‌ನ ಆವೃತ್ತಿ ಇರುತ್ತದೆ. ಇದನ್ನು ಕೊಟ್ಟು ನೋಡಿ:

```r
infoRDS("model.rds")$writer_version
```

ಪ್ಯಾಕೇಜಿನ ಆವೃತ್ತಿ ಅಲ್ಲಿ ಸಿಗುವುದಿಲ್ಲ. ಆ ತಿಂಗಳು ಯಾವ `lme4` ಹೊರಬಂದಿತ್ತು ಎಂದು ಹುಡುಕಿ ಊಹಿಸಿ ಬರೆಯಬೇಡಿ. ನಿಮ್ಮ ಯಂತ್ರದಲ್ಲಿ ಅದಕ್ಕಿಂತ ಹಳೆಯದು ಇದ್ದಿರಬಹುದು. ಈಗಿನ ಯಂತ್ರದಲ್ಲಿ ವಿಶ್ಲೇಷಣೆಯನ್ನು ಮತ್ತೆ ಓಡಿಸಿ, ಬಂದ ಅಂಕಿಗಳನ್ನೇ ಎಲ್ಲ ಕೋಷ್ಟಕಗಳಲ್ಲಿ ಹಾಕಿ, ಈಗಿನ ಆವೃತ್ತಿಗಳನ್ನು ಬರೆಯಿರಿ. ಮನೆಗಳ ಹಂಚಿಕೆಗೆ ಮಾತ್ರ ಹಳೆಯ ಆರ್‌ನ ಆವೃತ್ತಿ, ಬೀಜಸಂಖ್ಯೆ ಬರೆಯಿರಿ. ಹಂಚಿಕೆ ನಡೆದುಹೋದ ಸಂಗತಿ, ಅದನ್ನು ಮತ್ತೆ ಓಡಿಸುವಂತಿಲ್ಲ.

ವಿದ್ಯಾರ್ಥಿನಿ (ಮರುದಿನ): ಕಡತ 4.2.2 ಎಂದಿತು. ಹಂಚಿಕೆ, ವಿಶ್ಲೇಷಣೆ ಎರಡೂ ಆ ಯಂತ್ರದಲ್ಲೇ ನಡೆದದ್ದು. ಬೀಜಸಂಖ್ಯೆ ಹಾಕಿ ನೋಡಿದೆ, ಮನೆಗಳ ಪಟ್ಟಿ ನನ್ನ ಪುಸ್ತಕದಲ್ಲಿ ಇದ್ದಂತೆಯೇ ಬಂತು. ಮಾದರಿಯನ್ನು ಮತ್ತೆ ಓಡಿಸಿದಾಗ ಪಿ-ಮೌಲ್ಯ ಹಿಂದಿನದೇ. ಮನೆಗಳ ನಡುವಿನ ವ್ಯತ್ಯಯ ಮಾತ್ರ ಐದನೇ ದಶಾಂಶದಲ್ಲಿ ಬೇರೆಯಾಗಿದೆ. ಅಷ್ಟಕ್ಕೆ ಕೋಷ್ಟಕ ಬದಲಿಸಬೇಡ ಎನ್ನುತ್ತಾರೆ ನಮ್ಮ ಮಾರ್ಗದರ್ಶಕರು.

ಅಧ್ಯಾಪಕ: ಕನಿಷ್ಠವನ್ನು ಹುಡುಕುವ ಕ್ರಮ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಅಷ್ಟು ವ್ಯತ್ಯಾಸ ಬರುತ್ತದೆ, ತೀರ್ಮಾನ ಅಲುಗುವುದಿಲ್ಲ. ಆದರೂ ಕೋಷ್ಟಕದಲ್ಲಿ ಅಚ್ಚಾಗುವ ದಶಾಂಶಗಳಲ್ಲಿ ಒಂದು ಬದಲಾದರೂ ಹೊಸದನ್ನೇ ಹಾಕಿ ಎಂಬುದು ನನ್ನ ಮಾತು.

ಗ್ರಂಥಪಾಲಕಿ: ನಾನು ಮಾರ್ಗದರ್ಶಕರ ಪರ. ಮೂರು ದಶಾಂಶ ಅಚ್ಚು ಮಾಡುವ ಪತ್ರಿಕೆಗೆ ಐದನೆಯದು ಕಾಣುವುದೇ ಇಲ್ಲವಲ್ಲ ಸರ್.

ಅಧ್ಯಾಪಕ: ಕಾಣದಿದ್ದರೆ ಅವರು ಹೇಳಿದ್ದೇ ಸರಿ ಮೇಡಂ. ಅಚ್ಚಾದ ಕೋಷ್ಟಕದ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ನೋಡಿಬಿಡಿ ಅಮ್ಮಾ.