ಒಂದೇ ಲೆಕ್ಕಕ್ಕೆ ಮೂರು ಉತ್ತರ: ನೋಟ್ಸ್, ಪುಸ್ತಕ, ಟ್ಯುಟೋರಿಯಲ್ ಶೀಟ್ ಸೇರಿಸುವುದು ಹೇಗೆ?

ಪ್ರಶ್ನೆ (ಬಿ.ಎಸ್ಸಿ. ಎರಡನೇ ವರ್ಷ, ತುಮಕೂರು): ಥರ್ಮೋಡೈನಮಿಕ್ಸ್‌ಗೆ ಕ್ಲಾಸ್ ನೋಟ್ಸ್, ಲೈಬ್ರರಿ ಪುಸ್ತಕ, ಟ್ಯುಟೋರಿಯಲ್ ಶೀಟ್ ಮೂರನ್ನೂ ಸೇರಿಸಿ ಒಂದೇ ನೋಟ್ಸ್ ಮಾಡ್ತಿದ್ದೀನಿ. 1 ಮೋಲ್ ಆದರ್ಶ ಅನಿಲ, 300 K, 10 ಲೀಟರಿನಿಂದ 20 ಲೀಟರಿಗೆ ಐಸೋಥರ್ಮಲ್ ಆಗಿ ಹಿಗ್ಗುತ್ತೆ. ಕೆಲಸ ಎಷ್ಟು? ನೋಟ್ಸ್‌ನಲ್ಲಿ −1729 J, ಪುಸ್ತಕದಲ್ಲಿ +1729 J, ಶೀಟ್‌ನಲ್ಲಿ −1247 J. ಯಾವುದನ್ನ ಉಳಿಸ್ಕೊಳ್ಳಲಿ?

ಮೆಕ್ಯಾನಿಕಲ್ ಎಂಜಿನಿಯರ್, ಹುಬ್ಬಳ್ಳಿ: ಪುಸ್ತಕದ್ದೇ ಸರಿ. ಅನಿಲ ಹಿಗ್ಗಿ ಪಿಸ್ಟನ್ ತಳ್ಳಿದರೆ ಅದು ಮಾಡಿದ ಕೆಲಸ ಪ್ಲಸ್. ನಾವು ಓದಿದ್ದೆಲ್ಲ ಹಾಗೇ. ಶೀಟಿನ 1247 ಟೈಪಿಂಗ್ ತಪ್ಪಿರಬೇಕು, ಹೊಡೆದು ಹಾಕಿ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ, ಮೈಸೂರು: ಸದ್ಯಕ್ಕೆ ಯಾವುದನ್ನೂ ಹೊಡೆದು ಹಾಕಬೇಡಮ್ಮ. ಮೊದಲು ಚಿಹ್ನೆ ಮರೆತು ಬರೀ ಸಂಖ್ಯೆ ನೋಡು. ನೋಟ್ಸ್, ಪುಸ್ತಕ ಎರಡರಲ್ಲೂ 1729. ಸಂಖ್ಯೆ ಒಂದೇ ಇದ್ದು ಚಿಹ್ನೆ ಮಾತ್ರ ಬೇರೆ ಇದ್ದರೆ ಅಲ್ಲಿ ಜಗಳವೇ ಇಲ್ಲ. ನಿಮ್ಮ ಮೇಡಂ `ΔU = q + w` ಬಳಸಿದ್ದಾರೆ, ಅಲ್ಲಿ `w` ಅಂದರೆ ಅನಿಲದ ಮೇಲೆ ಹೊರಗಿನಿಂದ ನಡೆದ ಕೆಲಸ. ಪುಸ್ತಕ `ΔU = Q − W` ಬಳಸಿದೆ, ಅಲ್ಲಿ `W` ಅಂದರೆ ಅನಿಲವೇ ಮಾಡಿದ ಕೆಲಸ. ಎಂಜಿನಿಯರ್ ಸರ್ ಹೇಳಿದ್ದು ಅವರ ಕ್ಷೇತ್ರದಲ್ಲಿ ಸರಿ, ಎಂಜಿನ್‌ನಿಂದ ಎಷ್ಟು ಕೆಲಸ ಸಿಕ್ಕಿತು ಅನ್ನೋದೇ ಅಲ್ಲಿನ ಪ್ರಶ್ನೆ. ಆದರೆ ರಸಾಯನಶಾಸ್ತ್ರದಲ್ಲಿ IUPAC ಒಪ್ಪಿರುವುದು ಮೊದಲನೆಯದು.

1247 ಟೈಪಿಂಗ್ ತಪ್ಪಲ್ಲ. `nRT` ಅಂದರೆ 8.314 × 300, ಅಂದರೆ 2494 J. ಅದರ ಸರಿಯಾಗಿ ಅರ್ಧ 1247. ಇದು ಕಾಕತಾಳೀಯ ಆಗಿರಲಾರದು. ಹೊರಗಿನ ಒತ್ತಡವನ್ನು ಒಮ್ಮೆಗೇ ಕೊನೆಯ ಒತ್ತಡಕ್ಕೆ ಇಳಿಸಿ, ಅದರ ಎದುರು ಅನಿಲ ಹಿಗ್ಗಲು ಬಿಟ್ಟರೆ ಬರುವ ಉತ್ತರ ಅದು. ಕೊನೆಯ ಒತ್ತಡ `nRT/V₂`, ಪರಿಮಾಣ ಹೆಚ್ಚಿದ್ದು `V₂`ದ ಅರ್ಧ, ಎರಡನ್ನೂ ಗುಣಿಸಿ ನೋಡು. 1729 ಬರುವುದು `nRT ln 2`ರಿಂದ, ಅದು ರಿವರ್ಸಿಬಲ್ ದಾರಿ. ಅಂದರೆ ಶೀಟ್ ಬೇರೆ ಪ್ರಶ್ನೆ ಕೇಳಿದೆ. ‘ಸ್ಥಿರ ಬಾಹ್ಯ ಒತ್ತಡ’ ಅಂತ ಎಲ್ಲಾದರೂ ಇದೆಯಾ ನೋಡಿ ಹೇಳು.

ಪ್ರಶ್ನೆ ಕೇಳಿದವರು: ಹೌದು ಮೇಡಂ, ‘ಅಂತಿಮ ಒತ್ತಡಕ್ಕೆ ಸಮನಾದ ಸ್ಥಿರ ಬಾಹ್ಯ ಒತ್ತಡದ ವಿರುದ್ಧ’ ಅಂತಿದೆ. ನಾನು ಓದೇ ಇರಲಿಲ್ಲ. ಆದರೆ ಅದೇ ಲೆಕ್ಕದ (ಬಿ) ಭಾಗದಲ್ಲಿ `q` = +1729 J ಅಂತ ಉತ್ತರ ಕೊಟ್ಟಿದ್ದಾರೆ.

ನಿವೃತ್ತ ಉಪನ್ಯಾಸಕಿ: ಹಾಗಿದ್ದರೆ ಅದು ನಿಜವಾದ ತಪ್ಪು. ಆದರ್ಶ ಅನಿಲ, ತಾಪ ಬದಲಾಗಿಲ್ಲ, ಆದ್ದರಿಂದ `ΔU` ಸೊನ್ನೆ ಆಗಲೇಬೇಕು. 1729 ರಲ್ಲಿ 1247 ಕಳೆದರೆ 482 J ಉಳಿಯುತ್ತೆ, ಅದು ಎಲ್ಲಿ ಹೋಯಿತು? ಶೀಟ್ ಮಾಡಿದವರು ರಿವರ್ಸಿಬಲ್ ದಾರಿಯ `q`ವನ್ನು ಇಲ್ಲಿಗೂ ಹಾಕಿಬಿಟ್ಟಿದ್ದಾರೆ. ಇಲ್ಲಿ `q` = +1247 J. ನಿನ್ನ ನೋಟ್ಸ್‌ನಲ್ಲಿ ತಿದ್ದಿದ ಉತ್ತರ ಬರೆದು, ಪಕ್ಕದಲ್ಲಿ ಶೀಟಿನ ಸಂಖ್ಯೆ, ತಿದ್ದಿದ ಕಾರಣ ಎರಡನ್ನೂ ಒಂದು ಸಾಲಿನಲ್ಲಿ ಇಟ್ಟುಕೋ. ಶೀಟ್ ಕೊಟ್ಟವರಿಗೂ ತೋರಿಸು.

ಪಿಯು ವಿದ್ಯಾರ್ಥಿನಿಯ ತಂದೆ, ಶಿವಮೊಗ್ಗ: ನಮ್ಮ ಮನೆಯಲ್ಲೂ ಇದೇ ಗೋಳು. ಮಗಳ ಭೌತಶಾಸ್ತ್ರ ಪುಸ್ತಕದಲ್ಲಿ `ΔQ = ΔU + ΔW`, ರಸಾಯನಶಾಸ್ತ್ರದಲ್ಲಿ `ΔU = q + w`. ಎರಡನ್ನೂ ಒಂದೇ ನೋಟ್‌ಬುಕ್‌ಗೆ ಇಳಿಸಿ ಅಂತ ನಾನೇ ಹೇಳಿದ್ದೆ. ಯಾವ ಪುಸ್ತಕ ತಪ್ಪು ಅಂತ ಇಲಾಖೆಗೆ ಬರೆಯಬೇಕಾ?

ನಿವೃತ್ತ ಉಪನ್ಯಾಸಕಿ: ಬೇಡಿ ಸರ್, ಎರಡೂ ಸರಿ ಇವೆ. ಮಗಳಿಗೆ ಎರಡು ಬೇರೆ ನೋಟ್‌ಬುಕ್ ಇರಲಿ, ಪರೀಕ್ಷೆಯೂ ಬೇರೆ ಬೇರೆ ತಾನೆ. ಈ ಹುಡುಗಿಗಾದರೆ ಒಂದೇ ವಿಷಯ, ಒಂದೇ ಪರೀಕ್ಷೆ, ಹಾಗಾಗಿ ಒಂದಕ್ಕೆ ಇಳಿಸಲೇಬೇಕು.

ಇಳಿಸುವಾಗ ಮಕ್ಕಳು ಎಡವುವ ಜಾಗ ಹೇಳ್ತೀನಿ ಕೇಳಮ್ಮ. ಪುಸ್ತಕದಿಂದ `ΔU = Q − W` ಬರ್ಕೊಳ್ತಾರೆ, ಎರಡು ಪುಟ ಆದಮೇಲೆ ಕ್ಲಾಸ್ ನೋಟ್ಸ್‌ನಿಂದ `w = −p ΔV` ಬರ್ಕೊಳ್ತಾರೆ. ಒಂದೊಂದೂ ಅದರ ಜಾಗದಲ್ಲಿ ಸರಿ, ಜೋಡಿಸಿದರೆ ಕೆಡುತ್ತೆ. ಶಾಖ ದಾಟದ ಸಿಲಿಂಡರ್‌ನಲ್ಲಿ ಅನಿಲ 1 ಬಾರ್ ಒತ್ತಡದ ಎದುರು 1 ಲೀಟರ್ ಹಿಗ್ಗಿತು ಅಂದುಕೋ. 1 ಬಾರ್ × 1 ಲೀಟರ್ ಅಂದರೆ 100 J. ಅಷ್ಟು ಶಕ್ತಿ ಹೊರಗೆ ಹೋಗಿದೆ, `ΔU` = −100 J ಬರಬೇಕು. ಬೆರಕೆ ಸೂತ್ರದಲ್ಲಿ ಹಾಕಿದರೆ 0 − (−100), ಅಂದರೆ +100 J. ಶಾಖ ಕೊಡದೆ, ತಾನೇ ಕೆಲಸ ಮಾಡಿ ಅನಿಲ ಬಿಸಿಯಾದ ಹಾಗಾಯಿತು!

ಆದ್ದರಿಂದ ಸೂತ್ರಗಳನ್ನು ಒಂಟಿಯಾಗಿ ತರಬೇಡ. ಮೊದಲ ನಿಯಮವನ್ನೂ ಕೆಲಸದ ಸೂತ್ರವನ್ನೂ ಜೋಡಿಯಾಗೇ ತಾ. ಮೊದಲ ಪುಟದಲ್ಲಿ ಒಂದು ಸಿಲಿಂಡರ್ ಬರೆದು, ಒಳಗೆ ಹೋಗುವ ಬಾಣ ಪ್ಲಸ್ ಅಂತ ಹಾಕು. ಪುಸ್ತಕದ ಪ್ರತಿ ಸೂತ್ರದಲ್ಲೂ `W` ಇದ್ದ ಕಡೆ `−w` ಹಾಕಿ, ಚಿಹ್ನೆ ಬದಲಾಯಿಸಿದ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಮಾಡು. ಇಲ್ಲದಿದ್ದರೆ ಒಂದು ವಾರ ಬಿಟ್ಟು ಅದೇ ಸಾಲನ್ನು ಮತ್ತೊಮ್ಮೆ ತಿರುಗಿಸಿಬಿಡ್ತೀಯ. ಕೊನೆಗೆ ಪ್ರತಿ ಅಧ್ಯಾಯಕ್ಕೂ ಆ 100 J ಲೆಕ್ಕ ಹಾಕಿ ನೋಡು. ಹಿಗ್ಗಿದ ಅನಿಲ ತಣ್ಣಗಾಗದಿದ್ದರೆ ಎಲ್ಲೋ ಬೆರಕೆ ಆಗಿದೆ.

ಪ್ರಶ್ನೆ ಕೇಳಿದವರು: STP ಮೋಲಾರ್ ಪರಿಮಾಣವೂ ಹೀಗೇನಾ ಮೇಡಂ? ಒಂದು ಕಡೆ 22.4 ಲೀಟರ್, ಇನ್ನೊಂದು ಕಡೆ 22.7.

ನಿವೃತ್ತ ಉಪನ್ಯಾಸಕಿ: ಇಲ್ಲ, ಅದು ಹಳೇದು ಹೊಸದರ ವ್ಯತ್ಯಾಸ. 1982 ರಲ್ಲಿ IUPAC ಪ್ರಮಾಣ ಒತ್ತಡವನ್ನು 1 ಅಟ್ಮಾಸ್ಫಿಯರ್‌ನಿಂದ 1 ಬಾರ್‌ಗೆ ಬದಲಾಯಿಸಿತು. ತಾಪ ಎರಡಕ್ಕೂ 273.15 K. ಇಲ್ಲಿ ಎರಡೂ ಸಂಖ್ಯೆ ಇರಲಿ, ಆದರೆ ಪಕ್ಕದಲ್ಲಿ ಒತ್ತಡ ಬರೆಯದೆ ಒಂದನ್ನೂ ಬರೀಬೇಡ.

ಪದವಿ ಕಾಲೇಜಿನ ಉಪನ್ಯಾಸಕ, ಕಲಬುರಗಿ: ಮೇಡಂ ಮಾತಿಗೆ ಒಂದು ಸೇರಿಸ್ತೀನಿ. ‘ಅನಿಲ ಮಾಡಿದ ಕೆಲಸ ಎಷ್ಟು’ ಅಂತ ಪ್ರಶ್ನೆ ಬಂದರೆ, ನೀವು `q + w` ಬಳಸಿದ್ರೂ ಉತ್ತರ +1729 J. ಪ್ರಶ್ನೆಯ ಮಾತು ಯಾರ ಕೆಲಸ ಕೇಳ್ತದೆ ಅನ್ನೋದನ್ನ ಮೊದಲು ಓದ್ರಿ. ಉತ್ತರದ ಮೊದಲ ಸಾಲಿನಲ್ಲೇ ಯಾವ ರೂಢಿ ಬಳಸಿದ್ದೀರಿ ಅಂತ ಬರೀರಿ. ನಾನು ಮೌಲ್ಯಮಾಪನಕ್ಕೆ ಕೂತಾಗ ಹಾಗೆ ಬರೆದವರಿಗೆ ಪೂರ್ತಿ ಅಂಕ ಕೊಟ್ಟೀನಿ. ಆದರೆ ಪಕ್ಕದ ಟೇಬಲ್‌ನವರು ಕೀ ಉತ್ತರದ ಚಿಹ್ನೆ ಹೊಂದದಿದ್ದರೆ ಅರ್ಧ ಅಂಕ ಕಳೆದದ್ದನ್ನೂ ನೋಡೀನಿ.

ಎಂಜಿನಿಯರ್, ಹುಬ್ಬಳ್ಳಿ: 1247 ವಿಷಯದಲ್ಲಿ ನಾನು ಅವಸರ ಮಾಡಿದೆ, ಒಪ್ಪಿದೆ. ಆದರೂ ಪುಸ್ತಕದ ರೂಢಿಗೇ ಎಲ್ಲವನ್ನೂ ತಿರುಗಿಸಬಹುದಲ್ವಾ ಮೇಡಂ, ಅದರಲ್ಲೇ ಲೆಕ್ಕ ಜಾಸ್ತಿ ಇರ್ತವೆ.

ನಿವೃತ್ತ ಉಪನ್ಯಾಸಕಿ: ತಿರುಗಿಸಬಹುದು ಸರ್, ಭೌತಶಾಸ್ತ್ರಕ್ಕೆ ತಪ್ಪೇನಿಲ್ಲ. ಆದರೆ ಇವಳ ಪ್ರಶ್ನೆಪತ್ರಿಕೆಗೆ ಕೀ ಉತ್ತರ ಬರೆಯುವವರು ಯಾವ ರೂಢಿಯಲ್ಲಿ ಬರೀತಾರೆ ಅನ್ನೋದರ ಮೇಲೆ ಅದು ನಿಂತಿದೆ. ಹಿಂದಿನ ಪತ್ರಿಕೆಗಳಲ್ಲಿ ಹೇಗಿದೆಯಮ್ಮ?

ಪ್ರಶ್ನೆ ಕೇಳಿದವರು: ಮೂರು ಪತ್ರಿಕೆ ತೆಗೆದು ನೋಡಿದೆ ಮೇಡಂ. ಎರಡರಲ್ಲಿ `q + w`, ಒಂದರಲ್ಲಿ ಬರೀ ‘ಕೆಲಸ ಲೆಕ್ಕ ಹಾಕಿ’ ಅಂತಿದೆ, ಯಾರದ್ದು ಅಂತ ಇಲ್ಲ. `q + w`ಗೇ ಇಳಿಸ್ತೀನಿ. 100 J ಲೆಕ್ಕ ಎರಡನೇ ಅಧ್ಯಾಯಕ್ಕೆ ಹಾಕಿದೆ, ಅನಿಲ ಬಿಸಿಯಾಯ್ತು! ಎಂಥಾಲ್ಪಿ ಬರೋ ಪುಟದಲ್ಲಿ ಪುಸ್ತಕದ ಸಾಲು ಹಾಗೇ ಉಳಿದಿತ್ತು.